ನಾಡಿ ಜ್ಯೋತಿಷ್ಯ: ಹೆಬ್ಬೆರಳ ಗುರುತಿನಿಂದ ಓಲೆ ಸಿಗುತ್ತದೆಯೋ, ನಮ್ಮ ಉತ್ತರಗಳಿಂದಲೋ?

ತುಂಗಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಅಣ್ಣನ ಒತ್ತಾಯಕ್ಕೆ ಮಣಿದು ತಮಿಳುನಾಡಿನ ವೈದೀಶ್ವರನ್ ಕೋಯಿಲ್‌ಗೆ ಹೋಗಿದ್ದೆ. ಅಂಗಾರಕನ ಕ್ಷೇತ್ರವೆಂದು ಪ್ರಸಿದ್ಧವಾದ ಆ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ, ಅಗಸ್ತ್ಯರಂಥ ಋಷಿಗಳು ಬರೆಸಿಟ್ಟರೆಂದು ನಂಬುವ ಓಲೆಗರಿಗಳಿಂದ ನಮ್ಮ ಜೀವನವನ್ನು ಓದಿ ಹೇಳುವ ನಾಡಿ ಕೇಂದ್ರಗಳು ಸಾಲಾಗಿವೆ. ಅವುಗಳಲ್ಲಿ ಒಂದಕ್ಕೆ ನಾವು ಹೋದೆವು. ಗಂಡಸರು ಬಲಗೈ ಹೆಬ್ಬೆರಳನ್ನೂ ಹೆಂಗಸರು ಎಡಗೈ ಹೆಬ್ಬೆರಳನ್ನೂ ಒತ್ತಬೇಕು ಎಂಬ ಪದ್ಧತಿಯಂತೆ ನಾನು ಎಡಗೈ ಹೆಬ್ಬೆರಳನ್ನು ಇಂಕ್ ಪ್ಯಾಡಿಗೆ ತಾಗಿಸಿ ಒಂದು ಚೀಟಿಯ ಮೇಲೆ ಗುರುತು ಕೊಟ್ಟೆ. ಹೆಸರು, ಊರು, ಜನ್ಮದಿನ ಯಾವುದನ್ನೂ ಅವರು ಕೇಳಲಿಲ್ಲ. ಮುಕ್ಕಾಲು ಗಂಟೆಯ ನಂತರ ಓದುವವರು ಒಂದು ಓಲೆಗರಿಯ ಕಟ್ಟನ್ನು ತಂದು, ದಾರ ಬಿಚ್ಚಿ, ಒಂದೊಂದೇ ಓಲೆಯನ್ನು ತಿರುವಿ ಹಾಕುತ್ತಾ ಪ್ರಶ್ನೆ ಕೇಳಲು ಶುರುಮಾಡಿದರು. ನಾನು ಹೌದು ಅಥವಾ ಇಲ್ಲ ಎಂದಷ್ಟೇ ಹೇಳಬೇಕಿತ್ತು. ಒಂದು ಉತ್ತರ ಇಲ್ಲವೆಂದಾದರೆ ಆ ಓಲೆ ನನ್ನದಲ್ಲವೆಂದು ಪಕ್ಕಕ್ಕಿಟ್ಟು ಮುಂದಿನದನ್ನು ತೆಗೆಯುತ್ತಿದ್ದರು. ಆರನೆಯ ಓಲೆಗೆ ಬಂದಾಗ "ತಾಯಿಯ ಹೆಸರು ಗಿರಿಜಾ" ಎಂದು ನೇರವಾಗಿ ಓದಿಬಿಟ್ಟರು. ನನ್ನ ತಾಯಿಯ ಹೆಸರು ಅದೇ. ನಾನಾಗಲಿ ಅಣ್ಣನಾಗಲಿ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ.

ಆ ಕ್ಷಣ ನನಗೆ ಮೈ ಜುಮ್ಮೆಂದದ್ದು ನಿಜ. ಆದರೆ ಜೀವನದ ಒಟ್ಟು ಸಾರ ಹೇಳುವ ಮೊದಲ ಅಧ್ಯಾಯವಾದ ಸಾಮಾನ್ಯ ಕಾಂಡ ಓದಿ ಮುಗಿದ ಮೇಲೆ, ಪೂರ್ವಜನ್ಮದ ಕರ್ಮ ಕಳೆಯಲು ಹದಿಮೂರನೆಯದಾದ ಶಾಂತಿ ಕಾಂಡವನ್ನೂ ಹದಿನಾಲ್ಕನೆಯದಾದ ದೀಕ್ಷಾ ಕಾಂಡವನ್ನೂ ತೆಗೆಸಬೇಕೆಂದರು. ಅದರಲ್ಲಿ ಹೇಳುವ ಪರಿಹಾರಗಳನ್ನು ಅವರ ಮೂಲಕವೇ ಮಾಡಿಸಲು ಅಣ್ಣ ತನ್ನ ಉಳಿತಾಯದ ದೊಡ್ಡ ಪಾಲನ್ನು ಕೊಡಲು ಸಿದ್ಧನಾಗಿದ್ದಾನೆ. ಅದಕ್ಕೆ ಮೊದಲು ಒಂದೇ ಒಂದು ವಿಷಯ ನನಗೆ ತಿಳಿಯಬೇಕು. ಆ ಓಲೆಯನ್ನು ಹುಡುಕಿಕೊಟ್ಟದ್ದು ನನ್ನ ಹೆಬ್ಬೆರಳ ಗುರುತೋ, ಅಥವಾ ನಾನು ಕೊಟ್ಟ ಉತ್ತರಗಳೋ? ಅವರ ಅನುಮತಿ ಪಡೆದು ಇಡೀ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡಿದ್ದೇನೆ.

ಜಾತಕಪ್ರಿಯ

ಅಕ್ಕ, ನಾಡಿ ವಿಷಯದಲ್ಲಿ ಹೆದರಬೇಡಿ. ವಧೂವರರಿಬ್ಬರಿಗೂ ಏಕನಾಡಿ ಬಂದರೆ ಮಾತ್ರ ದೋಷ. ಆದಿ, ಮಧ್ಯ, ಅಂತ್ಯ ಎಂಬ ಮೂರರಲ್ಲಿ ನಿಮ್ಮದು ಯಾವುದೆಂದು ನಕ್ಷತ್ರದಿಂದ ತಿಳಿಯಬಹುದು. ನನ್ನ ತಂಗಿಯ ಮದುವೆಯಲ್ಲಿ ಇದೇ ತೊಡಕು ಬಂದು, ಕೊನೆಗೆ ಪಾದ ಬೇರೆಯೆಂಬ ಕಾರಣಕ್ಕೆ ಹಿರಿಯರು ಒಪ್ಪಿದರು.

ತುಂಗಾತೀರ

ತಾವು ಹೇಳುತ್ತಿರುವುದು ಮದುವೆಗೆ ಜಾತಕ ಕೂಡಿಸುವಾಗ ನೋಡುವ ನಾಡಿಕೂಟ. ನಾನು ಕೇಳಿದ್ದು ಓಲೆಗರಿ ಓದುವ ನಾಡಿ ಜ್ಯೋತಿಷ್ಯದ ಬಗ್ಗೆ. ಹೆಸರು ಒಂದೇ ಆದರೂ ಇವೆರಡಕ್ಕೂ ಸಂಬಂಧವಿಲ್ಲ.

ನೇರಮಾತು

ಇದರಲ್ಲಿ ಯೋಚಿಸುವುದೇನಿದೆ? ಮುಕ್ಕಾಲು ಗಂಟೆ ಒಳಗೆ ಹೋಗಿದ್ದಾರಲ್ಲ, ಅಷ್ಟರಲ್ಲಿ ನಿಮ್ಮ ಫೋನ್ ನಂಬರಿನಿಂದಲೋ ಕಾರಿನ ನಂಬರಿನಿಂದಲೋ ವಿವರ ತೆಗೆದು, ಹೊಸ ಓಲೆಯೊಂದರ ಮೇಲೆ ಬರೆದು ತಂದಿರುತ್ತಾರೆ.

ತುಂಗಾತೀರ

ಫೋನ್ ನಂಬರ್ ಕೊಟ್ಟಿರಲಿಲ್ಲ. ರೈಲಿನಲ್ಲಿ ಹೋಗಿ, ನಿಲ್ದಾಣದಿಂದ ನಡೆದೇ ಹೋದದ್ದು. ಅಲ್ಲದೆ ವಿವರ ಮೊದಲೇ ತಿಳಿದಿದ್ದರೆ ಅಷ್ಟೊಂದು ತಪ್ಪು ಓಲೆಗಳನ್ನು ತಿರುವಬೇಕಾಗಿರಲಿಲ್ಲ ಎಂದು ನನಗನ್ನಿಸುತ್ತದೆ.

ನಿವೃತ್ತ ಮುದ್ರಾತಜ್ಞ

ನಾನು ಇಪ್ಪತ್ತಾರು ವರ್ಷ ಬೆರಳು ಮುದ್ರೆಗಳನ್ನು ಪರೀಕ್ಷಿಸುವ ಕೆಲಸ ಮಾಡಿದವನು. ಜ್ಯೋತಿಷ್ಯ ನನಗೆ ತಿಳಿಯದು. ಹೆಬ್ಬೆರಳ ಬಗ್ಗೆ ಮಾತ್ರ ಹೇಳುತ್ತೇನೆ.

ನಾಡಿ ಓದುವವರು ಹೆಬ್ಬೆರಳ ಗುರುತುಗಳಲ್ಲಿ 108 ಬಗೆಗಳಿವೆ, ಬಗೆಗೊಂದರಂತೆ ಕಟ್ಟುಗಳಿವೆ ಎನ್ನುತ್ತಾರೆ. ಆ ಮಾತನ್ನು ಹಾಗೆಯೇ ಒಪ್ಪೋಣ. ಭಾರತದ 140 ಕೋಟಿ ಜನರನ್ನು 108 ಬಗೆಗಳಿಗೆ ಸಮನಾಗಿ ಹಂಚಿದರೂ ಒಂದೊಂದು ಬಗೆಗೆ ಸುಮಾರು 1.3 ಕೋಟಿ ಜನ ಬರುತ್ತಾರೆ. ವಾಸ್ತವದಲ್ಲಿ ಹಂಚಿಕೆ ಸಮನಾಗಿಯೂ ಇರುವುದಿಲ್ಲ. ಎಲ್ಲ ಬೆರಳುಗಳನ್ನೂ ಒಟ್ಟಿಗೆ ತೆಗೆದುಕೊಂಡರೆ ಕುಣಿಕೆಯ ಆಕಾರದವು ನೂರಕ್ಕೆ ಅರವತ್ತಕ್ಕಿಂತ ಹೆಚ್ಚು, ಸುಳಿಗಳು ಮೂವತ್ತರ ಆಸುಪಾಸು, ಕಮಾನುಗಳು ಐದರಷ್ಟು. ಹೆಬ್ಬೆರಳಿನಲ್ಲಿ ಸುಳಿಗಳ ಪ್ರಮಾಣ ಇನ್ನಷ್ಟು ಹೆಚ್ಚು. ನಮ್ಮ ಹಿರಿಯರು ಶಂಖ ಎಂದದ್ದು ಕುಣಿಕೆಯನ್ನು, ಚಕ್ರ ಎಂದದ್ದು ಸುಳಿಯನ್ನು. ಕಲ್ಕತ್ತೆಯಲ್ಲಿ 1897ರಲ್ಲಿ ಬೆರಳು ಮುದ್ರೆಯ ಕಚೇರಿ ಆರಂಭವಾದಾಗ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ಶ್ರಮದಿಂದ ರೂಪುಗೊಂಡ ವಿಂಗಡಣೆಯಲ್ಲಿ ಹತ್ತೂ ಬೆರಳುಗಳನ್ನು ಸೇರಿಸಿಯೇ 1024 ಮುಖ್ಯ ವರ್ಗಗಳು ಬರುತ್ತವೆ. ಒಂದೇ ಬೆರಳಿನ ಗುರುತು ಹಿಡಿದು ಆ ಕಡತಗಳಲ್ಲಿ ಒಬ್ಬನನ್ನು ಹುಡುಕುವುದು ಬಹಳ ಕಷ್ಟದ ಕೆಲಸವಾಗಿತ್ತು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ತಾವು ಬೆರಳನ್ನು ನೇರವಾಗಿ ಒತ್ತಿದಿರೋ, ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಉರುಳಿಸಿದಿರೋ? ಗೆರೆಗಳು ಕವಲೊಡೆಯುವ ಸಣ್ಣ ತ್ರಿಕೋನದಂತಹ ಜಾಗವನ್ನು ನಾವು ಡೆಲ್ಟಾ ಎನ್ನುತ್ತೇವೆ. ಅದು ಬೆರಳಿನ ಪಕ್ಕದಲ್ಲಿರುತ್ತದೆ. ಡೆಲ್ಟಾ ಒಂದೇ ಇದೆಯೋ ಎರಡಿವೆಯೋ ಎಂಬುದರಿಂದ ಕುಣಿಕೆಯೋ ಸುಳಿಯೋ ಎಂಬುದು ಖಚಿತವಾಗುತ್ತದೆ, ಅಲ್ಲಿಂದ ನಡುವಿನವರೆಗೆ ಗೆರೆಗಳನ್ನು ಎಣಿಸಿದಾಗ ಒಳವಿಂಗಡಣೆ ಸಾಧ್ಯವಾಗುತ್ತದೆ. ನೇರವಾಗಿ ಒತ್ತಿದ ಗುರುತಿನಲ್ಲಿ ಡೆಲ್ಟಾ ಹಲವು ಬಾರಿ ಬೀಳುವುದೇ ಇಲ್ಲ.

ತುಂಗಾತೀರ

ನೇರವಾಗಿಯೇ ಒತ್ತಿದ್ದು. ಇಂಕು ಜಾಸ್ತಿಯಾಗಿ ನಡುಭಾಗ ಕಪ್ಪಗೆ ಮೆತ್ತಿಕೊಂಡಿತ್ತು. ಇನ್ನೊಮ್ಮೆ ಒತ್ತಿ ಎನ್ನಲಿಲ್ಲ. ಭೂತಗನ್ನಡಿಯಿಂದ ನೋಡಿದ್ದನ್ನೂ ನಾನು ಕಾಣಲಿಲ್ಲ.

ನಿವೃತ್ತ ಮುದ್ರಾತಜ್ಞ

ಹಾಗಿದ್ದರೆ ಆ ಚೀಟಿಯಿಂದ ಶಂಖವೋ ಚಕ್ರವೋ ಎಂದು ಅಂದಾಜು ಮಾಡಬಹುದೇ ಹೊರತು 108ರಲ್ಲಿ ಒಂದನ್ನು ಆರಿಸಲು ನನ್ನಿಂದಂತೂ ಆಗದು. ಇದನ್ನು ಪರೀಕ್ಷಿಸುವುದು ಸುಲಭ. ಒಬ್ಬರದೇ ಹೆಬ್ಬೆರಳ ಗುರುತನ್ನು ಎರಡು ಚೀಟಿಗಳ ಮೇಲೆ ತೆಗೆದು, ಬೇರೆ ಬೇರೆ ದಿನ ಬೇರೆ ಬೇರೆಯವರ ಕೈಯಲ್ಲಿ ಅದೇ ಕೇಂದ್ರಕ್ಕೆ ಕಳಿಸಿ, ಎರಡೂ ಸಲ ಅದೇ ಬಗೆಯ ಹೆಸರನ್ನು ಬರೆಯುತ್ತಾರೆಯೇ ಎಂದು ನೋಡಬೇಕು. ಇಲ್ಲಿ ಭವಿಷ್ಯದ ಪ್ರಶ್ನೆಯೇ ಇಲ್ಲವಾದ್ದರಿಂದ ನಂಬಿಕೆಯೂ ಅಡ್ಡ ಬರುವುದಿಲ್ಲ.

ಅಗಸ್ತ್ಯಭಕ್ತ

ಗೌರವದಿಂದಲೇ ಒಂದು ಮಾತು ಹೇಳುತ್ತೇನೆ. 140 ಕೋಟಿಯ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಎಲ್ಲರಿಗೂ ಓಲೆ ಇದೆಯೆಂದು ಸಂಪ್ರದಾಯ ಹೇಳುವುದಿಲ್ಲ. ಅಗಸ್ತ್ಯರು ಯಾರು ಹುಡುಕಿಕೊಂಡು ಬರುತ್ತಾರೋ ಅವರಿಗೆ ಮಾತ್ರ ಬರೆಸಿದ್ದಾರೆ ಎಂಬುದು ನಂಬಿಕೆ. ಹೆಬ್ಬೆರಳು ಕಟ್ಟನ್ನು ತೋರಿಸಲು ಮಾತ್ರ. ಕಟ್ಟಿನೊಳಗಿನ ಓಲೆಯನ್ನು ಗುರುತಿಸಲು ಪ್ರಶ್ನೆ ಕೇಳಲೇಬೇಕು, ಅದನ್ನು ಯಾರೂ ಮುಚ್ಚಿಟ್ಟಿಲ್ಲ. ನನ್ನ ಓಲೆಯಲ್ಲಿ ನನ್ನ ಪತ್ನಿಯ ಹೆಸರು ಬಂದಾಗ ನಾನೂ ಕಣ್ಣೀರಿಟ್ಟವನು.

ಲೆಕ್ಕಪುಸ್ತಕ

ಹುಡುಕಿಕೊಂಡು ಬರುವವರಿಗಷ್ಟೇ ಓಲೆ ಎಂದರೆ ಕೋಟಿಯ ಲೆಕ್ಕ ಬಿದ್ದುಹೋಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಹಾಗಾಗಿ ಎಣಿಕೆಯನ್ನು ಬಿಟ್ಟು ಪ್ರಶ್ನೆಗಳಿಗೇ ಬರೋಣ. ಇಪ್ಪತ್ತು ಹೌದು-ಇಲ್ಲ ಪ್ರಶ್ನೆಗಳನ್ನು ಸರಿಯಾಗಿ ಆರಿಸಿದರೆ 10,48,576 ಸಾಧ್ಯತೆಗಳಲ್ಲಿ ಒಂದನ್ನು ಹಿಡಿಯಬಹುದು. ಒಂದು ಹೆಸರನ್ನು ಹಿಡಿಯಲು ಅಷ್ಟೂ ಬೇಕಾಗದು.

ತುಂಗಾತೀರ ಅವರೇ, ಧ್ವನಿಮುದ್ರಣವನ್ನು ಮೊದಲಿನಿಂದ ಕೇಳಿ, ಪ್ರತಿ ಪ್ರಶ್ನೆಗೂ ಕ್ರಮಸಂಖ್ಯೆ ಕೊಟ್ಟು, ಅದು ಎಷ್ಟನೆಯ ಓಲೆಯಲ್ಲಿ ಬಂದದ್ದೆಂದು ಬರೆಯಿರಿ. ತಾಯಿಯ ಹೆಸರಿಗೆ ಸಂಬಂಧಿಸಿದ ಪ್ರಶ್ನೆಗಳನ್ನು ಮಾತ್ರ ಆರಿಸಿ ಇಲ್ಲಿ ಹಾಕಿ. ಪಕ್ಕಕ್ಕಿಟ್ಟ ಓಲೆಗಳ ಪ್ರಶ್ನೆಗಳನ್ನು ದಯವಿಟ್ಟು ಬಿಡಬೇಡಿ.

ತುಂಗಾತೀರ

ಎರಡು ಸಂಜೆ ಕುಳಿತು ಬರೆದೆ. ಹೆಸರು ಓದುವ ಮೊದಲು ಒಟ್ಟು 47 ಪ್ರಶ್ನೆಗಳು ಬಂದಿವೆ. ನನ್ನ ನೆನಪಿನಲ್ಲಿ ಹದಿನೈದು ಇದ್ದವು. ತಾಯಿಯ ಹೆಸರಿನ ಬಗ್ಗೆ ಒಂದೆರಡು ಕೇಳಿರಬಹುದು ಎಂದುಕೊಂಡಿದ್ದೆ, ಆದರೆ ಏಳು ಇವೆ.

ಮೊದಲ ಓಲೆಯಲ್ಲಿ ನಾಲ್ಕನೆಯ ಪ್ರಶ್ನೆ: ತಾಯಿಗೆ ದೇವಿಯ ಹೆಸರೇ? ಹೌದು ಎಂದೆ. ಮುಂದೆ ಬೇರೊಂದು ಉತ್ತರ ಹೊಂದದೆ ಆ ಓಲೆ ಬದಿಗೆ ಹೋಯಿತು. ಎರಡನೆಯ ಓಲೆಯಲ್ಲಿ ಹನ್ನೊಂದನೆಯ ಪ್ರಶ್ನೆ: ಲಕ್ಷ್ಮಿಯ ಹೆಸರೇ? ಇಲ್ಲವೆಂದೆ, ಓಲೆ ಬದಿಗೆ ಹೋಯಿತು. ಮೂರನೆಯ ಓಲೆಯಲ್ಲಿ ಹದಿನೇಳನೆಯ ಪ್ರಶ್ನೆ: ಈಶ್ವರನ ಪತ್ನಿಯ ಹೆಸರೇ? ಹೌದು. ಅದೇ ಓಲೆಯಲ್ಲಿ ಹತ್ತೊಂಬತ್ತನೆಯದು: ಎರಡಕ್ಷರದ ಹೆಸರೇ? ಇಲ್ಲವೆಂದೊಡನೆ ಅದೂ ಬದಿಗೆ ಹೋಯಿತು. ನಾಲ್ಕನೆಯ ಓಲೆಯಲ್ಲಿ ಇಪ್ಪತ್ತೆಂಟನೆಯ ಪ್ರಶ್ನೆ: ಮೂರಕ್ಷರವೇ? ಹೌದು. ಐದನೆಯ ಓಲೆಯಲ್ಲಿ ಮೂವತ್ತಮೂರನೆಯದು: ಕಕಾರ, ಗಕಾರದಿಂದ ಶುರುವಾಗುತ್ತದೆಯೇ? ಹೌದು. ನಲವತ್ತನೆಯದು: ಕೊನೆಗೆ ಇಕಾರವೇ? ಇಲ್ಲ. ಆಮೇಲೆ ಆರನೆಯ ಓಲೆ, ಗಿರಿಜಾ.

ಇದನ್ನು ಬರೆದು ಮುಗಿಸಿದಾಗ ನನಗೆ ಬಹಳ ಹೊತ್ತು ಏನೂ ತೋಚಲಿಲ್ಲ.

ಲೆಕ್ಕಪುಸ್ತಕ

ಈಶ್ವರನ ಪತ್ನಿಯ ಹೆಸರುಗಳಲ್ಲಿ ನಮ್ಮ ಮನೆಗಳಲ್ಲಿ ಇಡುವಂಥವನ್ನು ಬರೆದುಕೊಂಡು ನೋಡಿ: ಉಮಾ, ಗೌರಿ, ಪಾರ್ವತಿ, ಗಿರಿಜಾ, ಕಾಮಾಕ್ಷಿ, ಮೀನಾಕ್ಷಿ, ಭವಾನಿ, ಶೈಲಜಾ, ಅಂಬಿಕಾ. ಎರಡಕ್ಷರವಲ್ಲ ಎಂದಾಗ ಉಮಾ, ಗೌರಿ ಹೋದವು. ಕ ಅಥವಾ ಗ ಎಂದಾಗ ಉಳಿದದ್ದು ಗಿರಿಜಾ ಮತ್ತು ಕಾಮಾಕ್ಷಿ. ಕೊನೆಗೆ ಇಕಾರವಲ್ಲ ಎಂದಾಗ ಒಂದೇ ಹೆಸರು ಉಳಿಯಿತು. ತಾವು ಬಾಯಿ ಬಿಟ್ಟು ಹೇಳಲಿಲ್ಲ ಎಂಬುದು ನಿಜವಾದರೂ ಹೇಳಿದಷ್ಟೇ ಆಯಿತು.

ಇದು ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಓಲೆಯನ್ನು ಬದಿಗಿಡುವ ಕ್ರಮ. ಓಲೆ ಬದಿಗೆ ಹೋದಾಗ ಅದರ ಜೊತೆ ನಮ್ಮ ಉತ್ತರವೂ ಹೋಯಿತೆಂದು ನಮ್ಮ ಮನಸ್ಸು ತಿಳಿಯುತ್ತದೆ. ಆದರೆ ಆ ಉತ್ತರ ಓದುವವರ ತಲೆಯಲ್ಲಿ ಉಳಿದಿರುತ್ತದೆ. ಇದಕ್ಕೊಂದು ಪರೀಕ್ಷೆ ಇದೆ. ಪಕ್ಕಕ್ಕಿಟ್ಟ ಓಲೆಗಳು ನಿಜವಾಗಿ ಬೇರೆ ಬೇರೆ ಜನರವಾಗಿದ್ದರೆ, ತಾವು ಮೊದಲೇ ಹೇಳಿದ್ದಕ್ಕೆ ವಿರುದ್ಧವಾದ ಮಾತು ನಂತರದ ಓಲೆಗಳಲ್ಲಿ ಆಗಾಗ ಬರಲೇಬೇಕು. ಒಬ್ಬನೇ ಅಣ್ಣ ಎಂದು ಮೊದಲ ಓಲೆಯಲ್ಲಿ ಒಪ್ಪಿದ್ದರೆ, ಮೂರನೆಯ ಓಲೆಯವರಿಗೆ ಇಬ್ಬರು ತಂಗಿಯರಿರಬಹುದಲ್ಲವೇ? ಅಂಥ ವಿರೋಧ ಒಂದಾದರೂ ಬಂದಿದೆಯೇ?

ತುಂಗಾತೀರ

ತಂದೆ ಬದುಕಿದ್ದಾರೆ, ಒಬ್ಬನೇ ಅಣ್ಣ, ನನಗೆ ಮದುವೆಯಾಗಿದೆ. ಈ ಮೂರೂ ಮೊದಲ ಓಲೆಯಲ್ಲೇ ತಿಳಿದುಹೋಗಿದ್ದವು. ಆಮೇಲಿನ ಓಲೆಗಳಲ್ಲಿ ಇವುಗಳ ಮಾತು ಒಂಬತ್ತು ಸಲ ಬಂದಿದೆ. ಒಂಬತ್ತೂ ಸಲ ನಾನು ಮೊದಲು ಹೇಳಿದ್ದಕ್ಕೆ ಸರಿಯಾಗಿಯೇ ಬಂದಿದೆ.

ನೇರಮಾತು

ಅಲ್ಲಿಗೆ ಮುಗಿಯಿತು. ನಾಣ್ಯ ಒಂಬತ್ತೂ ಸಲ ನಾವು ಮೊದಲೇ ಹೇಳಿದ ಬದಿಗೇ ಬೀಳುವುದು 512ರಲ್ಲಿ ಒಂದು ಸಲ.

ಲೆಕ್ಕಪುಸ್ತಕ

ಅಷ್ಟು ಬೇಗ ಬೇಡ. ಮದುವೆಯಾಗಿರುವುದು ನಾಣ್ಯದ ಹಾಗಲ್ಲ. ತುಂಗಾತೀರ ಅವರ ವಯಸ್ಸಿನ ಹೆಂಗಸರಲ್ಲಿ ಬಹುಪಾಲು ಮಂದಿಗೆ ಮದುವೆಯಾಗಿರುತ್ತದೆ, ಆದ್ದರಿಂದ ಯಾರ ಓಲೆಯಾದರೂ ಅದನ್ನು ಹೇಳೀತು. ಒಬ್ಬನೇ ಅಣ್ಣ ಎಂಬುದಕ್ಕೆ ಮಾತ್ರ ಹೆಚ್ಚು ತೂಕವಿದೆ. 512 ಎಂಬ ಸಂಖ್ಯೆಯನ್ನು ನಾನು ಬಳಸಲಾರೆ.

ಅಗಸ್ತ್ಯಭಕ್ತ

ನಿಮ್ಮ ಪರೀಕ್ಷೆಯಲ್ಲಿ ಇದಕ್ಕಿಂತ ದೊಡ್ಡ ಕೊರತೆಯಿದೆ. ಓದುವವರು ಮೊದಲು ಓಲೆಯನ್ನು ತಮ್ಮಷ್ಟಕ್ಕೆ ಓದಿಕೊಳ್ಳುತ್ತಾರೆ. ಅಕ್ಕನಿಗೆ ಒಬ್ಬನೇ ಅಣ್ಣ ಎಂದು ಗೊತ್ತಾದ ಮೇಲೆ, ಇಬ್ಬರು ತಂಗಿಯರಿರುವ ಓಲೆ ಕೈಗೆ ಬಂದರೆ ಅದನ್ನು ಕೇಳದೆಯೇ ಬದಿಗಿಡುತ್ತಾರೆ. ಪ್ರಾಮಾಣಿಕವಾಗಿ ಓದುವವರೂ ಹಾಗೆಯೇ ಮಾಡುತ್ತಾರೆ. ಆಗ ಬಾಯಿಂದ ಬರುವ ಮಾತೆಲ್ಲ ಮೊದಲಿನದಕ್ಕೆ ಸರಿಹೊಂದುವುದರಲ್ಲಿ ಆಶ್ಚರ್ಯವೇನಿದೆ? ಅಕ್ಕ, ಅವರು ಏನೂ ಕೇಳದೆ ತಿರುವಿದ ಓಲೆಗಳು ಇದ್ದವೋ ಇಲ್ಲವೋ ನೀವೇ ಹೇಳಿ.

ತುಂಗಾತೀರ

ಇದ್ದವು. ನಾನು ಆರು ಎಂದದ್ದು ಪ್ರಶ್ನೆ ಕೇಳಿದ ಓಲೆಗಳನ್ನು ಮಾತ್ರ. ನಡುನಡುವೆ ಸುಮ್ಮನೆ ತಿರುವಿದ್ದು ಹತ್ತಾದರೂ ಇರಬೇಕು.

ಲೆಕ್ಕಪುಸ್ತಕ

ಅಗಸ್ತ್ಯಭಕ್ತ ಅವರ ಆಕ್ಷೇಪ ಸರಿಯಾಗಿದೆ, ನಾನು ಅದನ್ನು ಯೋಚಿಸಿರಲಿಲ್ಲ. ಧ್ವನಿಮುದ್ರಣದಿಂದ ಖಚಿತವಾಗುವುದು ಇಷ್ಟೇ: ಹೆಸರನ್ನು ಹೇಳಲು ಬೇಕಾದ ಎಲ್ಲವನ್ನೂ ತುಂಗಾತೀರ ಅವರೇ ಕೊಟ್ಟಿದ್ದರು. ಆ ಹೆಸರು ಓಲೆಯ ಮೇಲೆ ಇರಲಿಲ್ಲ ಎಂದು ಇದರಿಂದ ಸಾಧಿಸಲು ಬರುವುದಿಲ್ಲ.

ಕಾವೇರಿಯ ಮಗ

ನನ್ನದೊಂದು ಅನುಭವವಿದೆ. ಹತ್ತು ವರ್ಷದ ಹಿಂದೆ ಬೇರೊಂದು ಊರಿನ ಕೇಂದ್ರದಲ್ಲಿ ಓದಿಸುವಾಗ ಬೇಕೆಂದೇ ಒಂದು ಸುಳ್ಳು ಹೇಳಿದೆ. ನನಗೆ ಅಕ್ಕ ಇದ್ದಾಳೆ, ಆದರೆ ಇಲ್ಲವೆಂದೆ. ಉಳಿದ ಉತ್ತರಗಳೆಲ್ಲ ನಿಜ. ಕೊನೆಗೆ ಸಿಕ್ಕಿದ ಓಲೆಯಲ್ಲಿ ನನ್ನ ಹೆಸರು ಸರಿಯಾಗಿತ್ತು, ತಂದೆಯ ಹೆಸರೂ ಸರಿಯಾಗಿತ್ತು, ಆದರೆ "ಇವನೇ ಹಿರಿಯ ಮಗ, ಒಡಹುಟ್ಟಿದವರಿಲ್ಲ" ಎಂದಿತ್ತು. ನೋಟುಪುಸ್ತಕದಲ್ಲಿ ಅದನ್ನು ಬರೆದುಕೊಟ್ಟದ್ದು ಈಗಲೂ ನನ್ನ ಬಳಿ ಇದೆ.

ಅಗಸ್ತ್ಯಭಕ್ತ

ಸುಳ್ಳು ಹೇಳಿದರೆ ಇನ್ನೊಬ್ಬರ ಓಲೆ ಸಿಗುತ್ತದೆ ಎಂದು ಅವರು ಮೊದಲೇ ಎಚ್ಚರಿಸುತ್ತಾರೆ.

ಕಾವೇರಿಯ ಮಗ

ಇನ್ನೊಬ್ಬರದಾಗಿದ್ದರೆ ನನ್ನ ಹೆಸರು, ನನ್ನ ತಂದೆಯ ಹೆಸರು ಅದರಲ್ಲಿ ಹೇಗೆ ಬಂತು? ಆ ಓಲೆ ಹೇಳುವ ಮನುಷ್ಯ ನಾನೂ ಅಲ್ಲ, ಬೇರೆ ಯಾರೂ ಅಲ್ಲ.

ಅಗಸ್ತ್ಯಭಕ್ತ

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಒಬ್ಬರ ಒಂದು ಅನುಭವದಿಂದ, ಅದೂ ಧ್ವನಿಮುದ್ರಣವಿಲ್ಲದ್ದರಿಂದ, ಎಲ್ಲ ಓಲೆಗಳೂ ಸುಳ್ಳೆಂದು ನಾನು ಒಪ್ಪಲಾರೆ.

ಲಿಪಿಪ್ರಿಯ

ಹಸ್ತಪ್ರತಿಗಳನ್ನು ಓದುವ ಕೆಲಸದವಳಾಗಿ ನಾನು ಓಲೆಯ ಬಗ್ಗೆ ಹೇಳಬಹುದು. ನಾಡಿ ಎಂಬ ಹೆಸರಿನ ಗ್ರಂಥಗಳು ಇರುವುದು ನಿಜ. ದೇವಕೇರಳಂ ಎಂಬ ಸಂಸ್ಕೃತ ಗ್ರಂಥ, ಚಂದ್ರಕಲಾ ನಾಡಿಯೆಂದೂ ಹೆಸರಾದದ್ದು, ಅಚ್ಚಾಗಿಯೂ ಸಿಗುತ್ತದೆ. ಅದರಲ್ಲಿ ಒಂದು ರಾಶಿಯನ್ನು 150 ಭಾಗ ಮಾಡಿ, ಲಗ್ನ ನಾಡ್ಯಂಶವೆಂಬ ಈ ಭಾಗಗಳಲ್ಲಿ ಯಾವುದರಲ್ಲಿ ಬಿತ್ತು ಎಂಬುದರ ಮೇಲೆ ಫಲ ಹೇಳುತ್ತಾರೆ. ಒಂದು ರಾಶಿ ಉದಯಿಸಲು ಎರಡು ಗಂಟೆಯೆಂದು ಹಿಡಿದರೆ ಒಂದು ಭಾಗಕ್ಕೆ 48 ಸೆಕೆಂಡು. ಅಂದರೆ ಅಲ್ಲಿ ಜಾತಕವನ್ನು ಹುಡುಕುವ ದಾರಿ ಹುಟ್ಟಿದ ಗಳಿಗೆಯೇ ಹೊರತು ಹೆಬ್ಬೆರಳಲ್ಲ. ಹೆಬ್ಬೆರಳಿನ ಪದ್ಧತಿ ಈ ಗ್ರಂಥದ ದಾರಿಯಿಂದ ಬಂದದ್ದಲ್ಲ.

ಇನ್ನು ಓಲೆಯ ವಯಸ್ಸು. ನಮ್ಮ ಹವೆಯಲ್ಲಿ ಹುಳುವಿಗೂ ತೇವಕ್ಕೂ ಸಿಕ್ಕಿ ಓಲೆ ಮೂರ್ನಾಲ್ಕು ಶತಮಾನ ಉಳಿದರೆ ಹೆಚ್ಚು, ಆದ್ದರಿಂದ ಹಳೆಯದನ್ನು ಹೊಸದಕ್ಕೆ ಪ್ರತಿ ಮಾಡುತ್ತಾ ಬಂದಿದ್ದಾರೆ. ಓಲೆ ಹೊಸದೆಂಬ ಮಾತ್ರಕ್ಕೆ ಪಠ್ಯ ಹೊಸದೆನ್ನಲಾಗದು. ಆದರೆ ಅಕ್ಷರಗಳು ಪ್ರತಿ ಮಾಡಿದ ಕಾಲವನ್ನು ಹೇಳುತ್ತವೆ. ಹಳೆಯ ತಮಿಳು ಓಲೆಗಳಲ್ಲಿ ವ್ಯಂಜನದ ತಲೆಯ ಮೇಲಿನ ಚುಕ್ಕೆಯನ್ನು ಸಾಮಾನ್ಯವಾಗಿ ಹಾಕುತ್ತಿರಲಿಲ್ಲ, ಬರೆಯುವ ಲೋಹದ ಕಂಟದ ಮೊನೆಯಿಂದ ಓಲೆ ತೂತಾಗುತ್ತದೆಂಬುದು ಅದಕ್ಕೆ ಹೇಳುವ ಕಾರಣ. ಎ ಮತ್ತು ಏ, ಒ ಮತ್ತು ಓ ಸ್ವರಗಳನ್ನು ಬೇರೆ ಬೇರೆಯಾಗಿ ಬರೆಯುವ ಈಗಿನ ಕ್ರಮ ಹದಿನೆಂಟನೆಯ ಶತಮಾನದಲ್ಲಿ ವೀರಮಾಮುನಿವರ್ ಎಂದು ಹೆಸರಾದ ಬೆಸ್ಕಿ ಪಾದ್ರಿಯಿಂದ ಬಂದದ್ದು. ಲೈ, ಣೈ ಮುಂತಾದ ಅಕ್ಷರಗಳಿಗೆ ಮುಂಚೆ ಆನೆಯ ಸೊಂಡಿಲಿನಂತೆ ಮೇಲಕ್ಕೆ ಬಾಗಿದ ಗೆರೆಯಿತ್ತು, 1978ರ ಲಿಪಿ ಸುಧಾರಣೆಯಲ್ಲಿ ತಮಿಳುನಾಡು ಸರ್ಕಾರ ಅದನ್ನು ಬದಲಿಸಿತು. ತಾವು ಓಲೆಯನ್ನು ಹತ್ತಿರದಿಂದ ನೋಡಿದಿರಾ?

ತುಂಗಾತೀರ

ಹೆಸರು ಓದಿದ ಮೇಲೆ ಅವರೇ ಬೆರಳಿಟ್ಟು ಇಲ್ಲಿದೆ ನೋಡಿ ಎಂದು ತೋರಿಸಿದರು. ನನಗೆ ತಮಿಳು ಓದಲು ಬರುವುದಿಲ್ಲ. ಅಂಗೈಗಿಂತ ಸ್ವಲ್ಪ ಉದ್ದದ ಓಲೆ, ಕಂದುಬಣ್ಣ, ಒತ್ತೊತ್ತಾದ ಸಾಲುಗಳು. ಅವರ ಉಗುರಿನ ಪಕ್ಕದ ಅಕ್ಷರಗಳ ತಲೆಯ ಮೇಲೆ ಸಣ್ಣ ಚುಕ್ಕೆಗಳಿದ್ದುದು ನೆನಪಿದೆ. ಫೋಟೋ ಕೇಳಿದಾಗ ಒಪ್ಪಲಿಲ್ಲ.

ಲಿಪಿಪ್ರಿಯ

ಚುಕ್ಕೆ ಇದ್ದದ್ದು ನಿಜವಾದರೆ ಇತ್ತೀಚಿನ ಪ್ರತಿ ಇರಬೇಕು ಎಂದು ಊಹಿಸುತ್ತೇನೆ. ಅದಕ್ಕಿಂತ ಹೆಚ್ಚಿಗೆ ಹೇಳಲಾರೆ. ಇನ್ನೊಂದು ಮಾತು. ತಮಿಳು ಲಿಪಿಯಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ತಾಯಿಯ ಹೆಸರಿನ ಮೊದಲ ಅಕ್ಷರವನ್ನು ನೋಡಿ ಅದು ಕಿ ಎಂದೋ ಗಿ ಎಂದೋ ತಿಳಿಯುವುದು ಓದುವವರ ಊಹೆಗೆ ಬಿಟ್ಟದ್ದು. ಮೂವತ್ತಮೂರನೆಯ ಪ್ರಶ್ನೆಯಲ್ಲಿ ಕಕಾರ, ಗಕಾರ ಎರಡನ್ನೂ ಸೇರಿಸಿ ಕೇಳಿದ್ದು ಈ ಅಭ್ಯಾಸದಿಂದಲೇ ಇರಬಹುದು. ಅದು ಓಲೆಯನ್ನು ನೋಡಿ ಕೇಳಿದ್ದೆಂದು ಅಗಸ್ತ್ಯಭಕ್ತ ಅವರು ಹೇಳಬಹುದು, ತಮಿಳಿನಲ್ಲಿ ಯೋಚಿಸಿ ಕೇಳಿದ್ದೆಂದು ಲೆಕ್ಕಪುಸ್ತಕ ಅವರು ಹೇಳಬಹುದು.

ಇದನ್ನು ತೀರ್ಮಾನಿಸುವ ದಾರಿ ಒಂದೇ. ಹೆಸರು ಓದಿದ ಕೂಡಲೇ, ಓಲೆಯನ್ನು ಕಟ್ಟಿಗೆ ಸೇರಿಸುವ ಮೊದಲು, ಹಳೆಯ ತಮಿಳು ಹಸ್ತಪ್ರತಿ ಓದಬಲ್ಲ, ನಿಮ್ಮ ಕುಟುಂಬದ ಪರಿಚಯವಿಲ್ಲದ ಒಬ್ಬರು ಅದನ್ನು ಸ್ವತಂತ್ರವಾಗಿ ಓದಬೇಕು. ಅವರಿಗೆ ಹೆಸರು ಮೊದಲೇ ಗೊತ್ತಿರಬಾರದು, ಕೋಣೆಯಲ್ಲಿ ನಡೆದ ಪ್ರಶ್ನೋತ್ತರವನ್ನು ಅವರು ಕೇಳಿರಲೂಬಾರದು.

ಅಗಸ್ತ್ಯಭಕ್ತ

ಇದಕ್ಕೆ ನನ್ನ ವಿರೋಧವಿಲ್ಲ. ಓಲೆಯಲ್ಲಿ ಹೆಸರಿದ್ದರೆ ಯಾರು ಓದಿದರೂ ಅದೇ ಬರಬೇಕು.

ತುಂಗಾತೀರ

ನಿನ್ನೆ ಈ ಚರ್ಚೆಯನ್ನು ಅಣ್ಣನಿಗೆ ಓದಿ ಹೇಳಿದೆ. ಏಳು ಪ್ರಶ್ನೆಗಳ ಪಟ್ಟಿಯನ್ನು ಎರಡು ಸಲ ನೋಡಿದ, ಧ್ವನಿಮುದ್ರಣವನ್ನೂ ಕೇಳಿದ. ಅವನ ನಂಬಿಕೆ ಹೋಗಿಲ್ಲ. ಆದರೆ ಕೇಂದ್ರಕ್ಕೆ ತಾನೇ ಫೋನ್ ಮಾಡಿ, ಶಾಂತಿ ಕಾಂಡ ತೆಗೆಸುವ ದಿನ ತಮಿಳು ಬಲ್ಲ ಒಬ್ಬರನ್ನು ಕರೆತಂದು ಸಾಮಾನ್ಯ ಕಾಂಡದ ಆ ಓಲೆಯನ್ನೇ ಮತ್ತೆ ಓದಿಸಬಹುದೇ ಎಂದು ಕೇಳಿದ. ಓಲೆ ತೋರಿಸುತ್ತೇವೆ, ಆದರೆ ಹೊರಗಿನವರ ಕೈಗೆ ಕೊಡುವುದಿಲ್ಲ ಎಂದರಂತೆ. ಕೈಗೆ ಕೊಡದಿದ್ದರೂ ಚಿಂತೆಯಿಲ್ಲ, ಎದುರಿಗೆ ಹಿಡಿದರೆ ಸಾಕು ಎಂದು ಅಣ್ಣ ಹೇಳಿದ್ದಕ್ಕೆ, ವಿಚಾರಿಸಿ ತಿಳಿಸುತ್ತೇವೆ ಎಂದಿದ್ದಾರೆ. ಅಲ್ಲಿಯವರೆಗೆ ಹಣ ಕಟ್ಟುವುದಿಲ್ಲವೆಂದು ಅಣ್ಣ ಒಪ್ಪಿದ್ದಾನೆ. ಲಿಪಿಪ್ರಿಯ ಅವರೇ, ಲೈ ಅಕ್ಷರದ ಹಳೆಯ ಮತ್ತು ಹೊಸ ರೂಪಗಳನ್ನು ಒಂದು ಹಾಳೆಯ ಮೇಲೆ ಬರೆದು ಕಳಿಸಿಕೊಡಲು ಸಾಧ್ಯವೇ? ಓದಲು ಬಾರದಿದ್ದರೂ ಆಕಾರ ನೋಡಿ ಹೊಂದಿಸಲು ನನಗೆ ಬರುತ್ತದೆ.

ಲಿಪಿಪ್ರಿಯ

ಇಂದು ರಾತ್ರಿಯೇ ಕಳಿಸುತ್ತೇನೆ. ಎಷ್ಟು ಸಾಲು ಕಣ್ಣಿಗೆ ಬೀಳುತ್ತದೋ ಅಷ್ಟರಲ್ಲೂ ಹುಡುಕಿ, ತಮಿಳಿನಲ್ಲಿ ಆ ಅಕ್ಷರ ಆಗಾಗ ಬರುತ್ತದೆ.